ತೋಟಕ್ಕೆ ನೀರು ಹೊಡೆಯುವ ತಿಂಗಳಲ್ಲಿ ಮನೆಯಲ್ಲಿ ಜಗಳ ಯಾಕೆ ಜಾಸ್ತಿ?

(ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರ ಸಮುದಾಯ ಭವನದಲ್ಲಿ ಕಾಫಿ ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮನೋವೈದ್ಯ. ಇವತ್ತು ನಿದ್ದೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಿದ್ದೆ ಕೆಟ್ಟರೆ ಬಿಪಿ, ಸಕ್ಕರೆ, ತೂಕ, ಎಲ್ಲಾ ಕೆಡುತ್ತೆ ಅನ್ನುವುದನ್ನು ನೀವು ಬೇಕಾದಷ್ಟು ಸಲ ಕೇಳಿರುತ್ತೀರಿ. ಅದನ್ನು ಬಿಡೋಣ. ನಾನು ಒಂದೇ ವಿಷಯ ಹಿಡಿದುಕೊಳ್ಳುತ್ತೇನೆ. ದಿನಾ ನಾಲ್ಕೂವರೆ, ಐದು ಗಂಟೆ ನಿದ್ದೆಯಲ್ಲಿ ಕೆಲಸ ಸಾಗಿಸುವ ಮನುಷ್ಯನಿಗೆ ಯಾಕೆ ಕೋಪ ಜಾಸ್ತಿ, ಮತ್ತು ಆ ಕೋಪ ಅವನಿಗೆ ಯಾಕೆ ಅಷ್ಟೊಂದು ನ್ಯಾಯವಾಗಿ ಕಾಣುತ್ತೆ, ಅಷ್ಟೇ.

ಫೆಬ್ರವರಿ, ಮಾರ್ಚ್ ಅಂದರೆ ನಿಮಗೆ ಹೂವಿನ ನೀರಿನ ಕಾಲ. ಮಳೆ ಬರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಇಡಲೇಬೇಕು. ಅದಾದ ಮೇಲೆ ಹೂ ಕಾಯಿ ಕಚ್ಚಲು ಬ್ಯಾಕಿಂಗ್ ನೀರು. ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುವುದು. ಮೋಟಾರ್ ಹಾಕಬೇಕು, ನೀರು ಚಿಮ್ಮುವ ಜೆಟ್‌ನ ಜಾಗ ಬದಲಿಸಬೇಕು, ಪೈಪ್ ಬಿಟ್ಟುಕೊಂಡರೆ ಹೋಗಿ ಜೋಡಿಸಬೇಕು. ಬೆಳಗ್ಗೆ ಎಂಟಕ್ಕೆ ಆಳುಗಳು ಬಂದು ನಿಂತಿರುತ್ತಾರೆ. ಮಲಗುವುದು ಯಾವಾಗ?

ಅಂಥ ಒಬ್ಬರ ಕಥೆ ಹೇಳುತ್ತೇನೆ. ಇಬ್ಬರು ಮೂವರ ವಿಷಯ ಸೇರಿಸಿ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಹಾಗಾಗಿ ಇದು ನಮ್ಮೂರಿನ ಇಂಥವರೇ ಅಂತ ಪಕ್ಕದವರ ಮುಖ ನೋಡಬೇಡಿ.

ನಲವತ್ತು ದಾಟಿದ ವಯಸ್ಸು. ಸಣ್ಣ ತೋಟ, ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು. ಕರೆದುಕೊಂಡು ಬಂದವರು ಅವರ ಹೆಂಡತಿ. "ಡಾಕ್ಟ್ರೇ, ಇವರು ಹೀಗಿರಲಿಲ್ಲ" ಅಂದರು. ಮಗಳು ಲೋಟ ಬೀಳಿಸಿದ್ದಕ್ಕೆ ಮನೆಯೇ ನಡುಗುವ ಹಾಗೆ ಕೂಗಿದ್ದಾರೆ. ತೋಟದ ಲೆಕ್ಕ ಬರೆಯುವ ಹಳೇ ರೈಟರ್ ಪುಸ್ತಕ ತರಲು ಹತ್ತು ನಿಮಿಷ ತಡ ಮಾಡಿದ್ದಕ್ಕೆ ಕೆಲಸ ಬಿಟ್ಟು ಹೋಗು ಅಂದಿದ್ದಾರೆ. ಎಲ್ಲಕ್ಕಿಂತ ದೊಡ್ಡದು ತಮ್ಮನ ವಿಷಯ. ತಮ್ಮ ಬೆಂಗಳೂರಿನಲ್ಲಿದ್ದಾನೆ. ಹೊಸ ಪೈಪ್‌ಲೈನ್ ಖರ್ಚಿನಲ್ಲಿ ಅವನ ಪಾಲು ಎಷ್ಟು ಅಂತ ಇವರು ವಾಟ್ಸಾಪ್‌ನಲ್ಲಿ ಕೇಳಿದ್ದರು. ಅವನು ಬರೆದ ಉತ್ತರ ಇಷ್ಟು: "ನೋಡೋಣ ಅಣ್ಣ, ಊರಿಗೆ ಬಂದಾಗ ಮಾತಾಡೋಣ."

ಇದನ್ನು ಇವರು ಓದಿದ್ದು ಬೆಳಗಿನ ಜಾವ, ಮೋಟಾರ್ ನಿಲ್ಲಿಸಿ ಬಂದ ಮೇಲೆ. ಓದಿದ ತಕ್ಷಣ ಫೋನ್ ಮಾಡಿ, ತಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದರು. ತೋಟ ಭಾಗ ಮಾಡಿಬಿಡೋಣ ಅನ್ನುವ ತನಕ ಮಾತು ಹೋಯಿತು. ಅಲ್ಲಿಗೆ ಅಣ್ಣತಮ್ಮಂದಿರ ಮಾತುಕತೆ ನಿಂತಿತು.

ನನ್ನ ಮುಂದೆ ಆ ಮೆಸೇಜ್ ತೆಗೆದು ತೋರಿಸಿದರು. "ನೋಡೋಣ ಅಂದರೆ ಕೊಡಲ್ಲ ಅಂತ ತಾನೇ ಸಾರ್?" ಅಂದರು. ನಾನು ಎರಡು ಸಲ ಓದಿದೆ. ಅದರಲ್ಲಿ ಒಳ್ಳೆಯದೂ ಇರಲಿಲ್ಲ, ಕೆಟ್ಟದೂ ಇರಲಿಲ್ಲ. ಸುಮ್ನೆ ಒಂದು ಸಾದಾ ಉತ್ತರ.

ಆ ಸಾದಾ ಮಾತು ಅವಮಾನವಾಗಿ ಕೇಳಿಸಿದ್ದು ಹೇಗೆ ಅಂತ ತಿಳಿಯಲು ಮಿದುಳಿನ ಒಳಗೆ ಸ್ವಲ್ಪ ಹೋಗಬೇಕು. ಎರಡು ಹೆಸರು ನೆನಪಿಟ್ಟುಕೊಳ್ಳಿ, ಸಾಕು. ಕಿವಿಯ ನೇರಕ್ಕೆ, ಮಿದುಳಿನ ಒಳಗಡೆ, ಎರಡೂ ಪಕ್ಕದಲ್ಲಿ ಬಾದಾಮಿ ಗಾತ್ರದ ಭಾಗವೊಂದಿದೆ. ಅದು ಅಮಿಗ್ಡಲಾ. ಅಪಾಯವೋ, ಮುಖ್ಯವೋ ಅನ್ನಿಸಿದ್ದನ್ನು ಮೊದಲು ಗುರುತಿಸುವುದು ಅದು. ಇನ್ನೊಂದು, ಹಣೆಯ ಹಿಂದಿನ ಭಾಗ. ಅದರಲ್ಲೂ ಮಧ್ಯದ ತುಂಡು ಅಮಿಗ್ಡಲಾ ಜೊತೆ ಸದಾ ಸಂಪರ್ಕದಲ್ಲಿರುತ್ತೆ. ನಿಮ್ಮ ತೋಟದ ಮನೆಯ ನಾಯಿ, ಯಜಮಾನ ಇಬ್ಬರನ್ನೂ ನೆನೆಸಿಕೊಳ್ಳಿ. ಗೇಟಿನ ಹತ್ತಿರ ಏನು ಅಲ್ಲಾಡಿದರೂ ನಾಯಿ ಬೊಗಳುತ್ತೆ. ಯಜಮಾನ ಎದ್ದು ನೋಡಿ, "ಸುಮ್ನಿರೋ, ಹಾಲಿನವನು" ಅನ್ನುತ್ತಾನೆ. ನಾಯಿ ಸುಮ್ಮನಾಗುತ್ತೆ. ಇದು ದಿನಕ್ಕೆ ನೂರಾರು ಸಲ ನಮಗೆ ಗೊತ್ತಾಗದೇ ನಡೆಯುತ್ತಿರುತ್ತೆ.

ನಿದ್ದೆ ಕೆಟ್ಟಾಗ ಇಲ್ಲಿ ಏನಾಗುತ್ತೆ ಅಂತ 2007ರಲ್ಲಿ ಅಮೆರಿಕದ ಮ್ಯಾಥ್ಯೂ ವಾಕರ್ ಮತ್ತು ಜೊತೆಗಾರರು ನೋಡಿದರು. ಆರೋಗ್ಯವಂತ 26 ಮಂದಿ. ಅರ್ಧದಷ್ಟು ಜನರನ್ನು ಸುಮಾರು 35 ಗಂಟೆ ಎಚ್ಚರ ಇಟ್ಟರು, ಉಳಿದವರು ಎಂದಿನಂತೆ ಮಲಗಿದರು. ಆಮೇಲೆ ಎಲ್ಲರನ್ನೂ ಸ್ಕ್ಯಾನರ್‌ನಲ್ಲಿ ಮಲಗಿಸಿ 100 ಚಿತ್ರ ತೋರಿಸಿದರು. ಮೊದಮೊದಲು ಸಾದಾ ಚಿತ್ರ, ಬರಬರುತ್ತಾ ನೋಡಲು ಹಿಂಸೆಯಾಗುವ ಚಿತ್ರ. ನಿದ್ದೆಗೆಟ್ಟವರ ಅಮಿಗ್ಡಲಾ ಆ ಹಿಂಸೆಯ ಚಿತ್ರಗಳಿಗೆ ಸುಮಾರು ಶೇಕಡಾ 60ರಷ್ಟು ಜಾಸ್ತಿ ಕೆರಳಿತು. ಅದಕ್ಕಿಂತ ಮುಖ್ಯವಾದದ್ದು, ಅಮಿಗ್ಡಲಾ ಮತ್ತು ಹಣೆಯ ಹಿಂದಿನ ಭಾಗದ ನಡುವಿನ ಸಂಪರ್ಕ ಸಡಿಲವಾಗಿತ್ತು. ನಾಯಿ ಜೋರಾಗಿ ಬೊಗಳಿತು, ಯಜಮಾನನ ದನಿ ಅದಕ್ಕೆ ಕೇಳಲಿಲ್ಲ.

ನೀವು ಕೇಳಬಹುದು, ನಾವೇನು 35 ಗಂಟೆ ಎದ್ದಿರುತ್ತೀವಾ ಅಂತ. ಸರಿಯಾದ ಪ್ರಶ್ನೆ. ಜಪಾನಿನಲ್ಲಿ 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಿಮ್ಮ ಬದುಕಿಗೆ ಹತ್ತಿರ. 14 ಗಂಡಸರನ್ನು ಐದು ದಿನ ಎಂಟೆಂಟು ಗಂಟೆ, ಇನ್ನೊಮ್ಮೆ ಐದು ದಿನ ನಾಲ್ಕೇ ಗಂಟೆ ಮಲಗಿಸಿದರು. ಅದೇ ಮನುಷ್ಯ, ಎರಡು ಸ್ಥಿತಿ. ನಾಲ್ಕು ಗಂಟೆಯ ಐದು ದಿನ ಮುಗಿದಾಗ, ಹೆದರಿದ ಮುಖಗಳನ್ನು ತೋರಿಸಿದರೆ ಅಮಿಗ್ಡಲಾ ಜಾಸ್ತಿ ಕೆರಳುತ್ತಿತ್ತು, ಮತ್ತೆ ಅದೇ ಸಂಪರ್ಕ ಸಡಿಲ. ನಗುವ ಮುಖಕ್ಕೆ ಆ ವ್ಯತ್ಯಾಸ ಕಾಣಲಿಲ್ಲ. ಐದು ರಾತ್ರಿ ನಾಲ್ಕು ಗಂಟೆ ಅಂದರೆ ನಿಮ್ಮ ನೀರಿನ ವಾರದ ಲೆಕ್ಕವೇ ಅಲ್ವಾ?

ಇದೆಲ್ಲಾ ಕಲ್ಲಿನಲ್ಲಿ ಕೆತ್ತಿದ ಸತ್ಯ ಅಂತ ನಾನು ಹೇಳುವುದಿಲ್ಲ. ಸ್ವೀಡನ್ನಿನವರು ಸುಮಾರು ಮೂರು ಗಂಟೆ ಮಾತ್ರ ಮಲಗಿದವರನ್ನು ಸ್ಕ್ಯಾನ್ ಮಾಡಿ 2019ರಲ್ಲಿ ಪ್ರಕಟಿಸಿದರು. "ಈ ಚಿತ್ರ ನೋಡಿ ಹುಟ್ಟುವ ಭಾವನೆಯನ್ನು ತಗ್ಗಿಸಿಕೊಳ್ಳಿ" ಅಂತ ಹೇಳಿದಾಗ ಅವರಿಗೆ ಅದು ಸರಿಯಾಗಿ ಆಗಲಿಲ್ಲ, ಅವರೇ ಹಾಗೆ ಹೇಳಿದರು. ಆದರೆ ಮಿದುಳಿನ ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಣ್ಣ ಗುಂಪು, ಯಂತ್ರದೊಳಗೆ ಚಿತ್ರ ನೋಡುವ ಕೆಲಸ. ಇಂಥ ಪ್ರಯೋಗಗಳಿಗೆ ಅವುಗಳದೇ ಮಿತಿ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಸ್ಕ್ಯಾನ್ ಚಿತ್ರಕ್ಕಿಂತ ಮನುಷ್ಯ ಏನು ಮಾಡುತ್ತಾನೆ ಅನ್ನುವುದು ಹೆಚ್ಚು ನಂಬಿಕೆಗೆ ಅರ್ಹ. ಅದರಲ್ಲಿ ಉತ್ತರ ಹೆಚ್ಚು ಕಡಿಮೆ ಒಂದೇ.

ಈಗ ತಮ್ಮನ ಮೆಸೇಜಿಗೆ ಬರುತ್ತೇನೆ. ಈ ಕ್ಷೇತ್ರದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಯೋಗ ಇದು. ಟೆಲ್ ಅವೀವ್‌ನಲ್ಲಿ ನಡೆದದ್ದು, 2015ರಲ್ಲಿ ಬಂತು. 18 ಜನ. ಪರದೆ ಮೇಲೆ ಹಳದಿ ಚುಕ್ಕೆಗಳು ಯಾವ ಕಡೆ ಸರಿಯುತ್ತಿವೆ ಅಂತ ಹೇಳಬೇಕು, ಅಷ್ಟೇ ಕೆಲಸ. ಚುಕ್ಕೆಗಳ ಹಿಂದೆ ಚಿತ್ರ ಬರುತ್ತೆ. ಕೆಲವು ಮನಸ್ಸು ಕಲಕುವ ಚಿತ್ರ, ಕೆಲವು ಮುದ್ದಾದ ಚಿತ್ರ, ಕೆಲವು ಏನೂ ಅಲ್ಲದ್ದು, ಒಂದು ಚಮಚದ ಹಾಗೆ. ಚೆನ್ನಾಗಿ ಮಲಗಿದವರಿಗೆ ಮನಸ್ಸು ಕಲಕುವ ಚಿತ್ರ ಬಂದಾಗ ಮಾತ್ರ ಕೆಲಸ ನಿಧಾನವಾಗುತ್ತಿತ್ತು. ಚಮಚ ಬಂದರೆ ಅದರ ಪಾಡಿಗೆ ಅದು. ಒಂದು ರಾತ್ರಿ ನಿದ್ದೆಗೆಟ್ಟ ಮೇಲೆ ಅದೇ ಜನಕ್ಕೆ ಚಮಚವೂ ಅಷ್ಟೇ ಅಡ್ಡಿ ಮಾಡಿತು. ಅಮಿಗ್ಡಲಾ ಕೂಡ ಎರಡರ ನಡುವೆ ಭೇದ ಮಾಡಲಿಲ್ಲ.

ಇದರ ಅರ್ಥ ಸ್ವಲ್ಪ ನಿಧಾನವಾಗಿ ಯೋಚಿಸಬೇಕಾದದ್ದು. ನಿದ್ದೆಗೆಟ್ಟರೆ ಕೆಟ್ಟದ್ದು ಇನ್ನೂ ಕೆಟ್ಟದಾಗಿ ಕಾಣುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಅದೂ ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ, "ಇದು ನನಗೆ ಸಂಬಂಧವಿಲ್ಲದ್ದು, ಬಿಡು" ಅಂತ ಪಕ್ಕಕ್ಕಿಡುವ ಶಕ್ತಿ ಹೋಗುತ್ತೆ. ದಿನದಲ್ಲಿ ನಮ್ಮ ಕಣ್ಣಿಗೆ ಕಿವಿಗೆ ಬೀಳುವುದರಲ್ಲಿ ಬಹುಪಾಲು ಚಮಚಗಳೇ. ರೈಟರ್ ತಡ ಮಾಡಿದ್ದು, ಮಗಳ ಕೈ ಜಾರಿದ್ದು, ತಮ್ಮ "ನೋಡೋಣ" ಅಂದದ್ದು. ಅಷ್ಟೂ ಗೇಟು ದಾಟಿ ಒಳಗೆ ಬಂದರೆ ಮನುಷ್ಯ ಎಷ್ಟು ತಡೆದುಕೊಂಡಾನು?

ಇನ್ನೊಂದು ಮುಖವೂ ಇದೆ. ಕೋಪ ಎಲ್ಲರಿಗೂ ಕಾಣುತ್ತೆ, ಆದರೆ ಸಂತೋಷ ಸದ್ದಿಲ್ಲದೆ ಕಡಿಮೆಯಾಗುವುದು ಯಾರಿಗೂ ಕಾಣುವುದಿಲ್ಲ. ಇಸ್ರೇಲಿನ ಕಿರಿಯ ವೈದ್ಯರ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಬಂತು. ನಿದ್ದೆ ಕಡಿಮೆಯಾದ ದಿನ ಕೆಲಸಕ್ಕೆ ಅಡ್ಡಿ ಬಂದರೆ ಅವರಿಗೆ ಬೇಜಾರು ಜಾಸ್ತಿ ಆಗುತ್ತಿತ್ತು. ಅದೇ ದಿನ ಏನಾದರೂ ಒಳ್ಳೆಯದಾದರೆ ಸಿಗಬೇಕಾದ ಖುಷಿ ಕಡಿಮೆ ಸಿಗುತ್ತಿತ್ತು. 2023ರಲ್ಲಿ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡ ಪರಿಣಾಮಗಳಲ್ಲಿ ಇದೇ ಒಂದು: ಖುಷಿ, ಉತ್ಸಾಹ, ಸಮಾಧಾನ ಇಳಿಯುವುದು. ರಾತ್ರಿ ಒಂದೆರಡು ಗಂಟೆ ಕಡಿಮೆ ಮಲಗಿದರೂ ಇದು ಆಗುತ್ತೆ. ನಮ್ಮ ಬೆಳೆಗಾರರ ಹೆಂಡತಿ ಹೇಳಿದ್ದೂ ಅದನ್ನೇ. ಹೂ ಅರಳಿ ಇಡೀ ತೋಟ ಬೆಳ್ಳಗೆ ಘಮ್ಮೆನ್ನುವಾಗ ಪ್ರತಿ ವರ್ಷ ಇವರು ಎಲ್ಲರನ್ನೂ ಕರೆದು ತೋರಿಸುತ್ತಿದ್ದರಂತೆ. ಈ ವರ್ಷ "ಆಯ್ತು, ಹೂ ಬಂತು" ಅಂದರಂತೆ.

ಅವರ ರಾತ್ರಿಯ ಲೆಕ್ಕ ಹಾಕೋಣ. ನಾನು ಒಂದು ಹಾಳೆ ಕೊಟ್ಟು ಬರೆಸಿದೆ. ಹತ್ತಕ್ಕೆ ಕರೆಂಟು ಬರುತ್ತೆ, ಮೋಟಾರ್ ಹಾಕಿ ಬಂದು ಮಲಗಿ ನಿದ್ದೆ ಹತ್ತುವಾಗ ಹನ್ನೊಂದು. ಒಂದೂವರೆಗೆ ಅಲಾರಾಂ, ಜೆಟ್ ಬದಲಿಸಬೇಕು. ವಾಪಸ್ ಬರುವಾಗ ಎರಡೂವರೆ, ಮೈ ಒದ್ದೆ, ಟಾರ್ಚ್ ಹಿಡಿದು ಆನೆ ಭಯದಲ್ಲಿ ಓಡಾಡಿದ ಎಚ್ಚರ. ಮತ್ತೆ ನಿದ್ದೆ ಹತ್ತುವಾಗ ಮೂರು. ಐದಕ್ಕೆ ಮೋಟಾರ್ ನಿಲ್ಲಿಸಲು ಏಳುವುದು. ಮೊದಲ ತುಂಡು ಎರಡೂವರೆ ಗಂಟೆ, ಎರಡನೆಯದು ಎರಡು ಗಂಟೆ. ಒಟ್ಟು ನಾಲ್ಕೂವರೆ.

ಗಂಟೆ ಕಡಿಮೆ ಅನ್ನುವುದು ಒಂದು ತೊಂದರೆ. ಯಾವ ಭಾಗ ಹೋಯಿತು ಅನ್ನುವುದು ಇನ್ನೊಂದು. ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ದೆ ಜಾಸ್ತಿ. ಕನಸಿನ ನಿದ್ದೆ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಅತ್ತಿತ್ತ ಓಡಾಡುವ ಹಂತ, ಬೆಳಗಿನ ಜಾವದ ಕಡೆ ಜಾಸ್ತಿ. ಆ ಹಂತದಲ್ಲಿ ಮಿದುಳಿನೊಳಗೆ ನೋರ್ ಅಡ್ರಿನಲಿನ್ ಅನ್ನುವ ಎಚ್ಚರಿಕೆಯ ರಾಸಾಯನಿಕ ತುಂಬಾ ಕಡಿಮೆ ಇರುತ್ತೆ. ಹಿಂದಿನ ದಿನದ ಬೇಸರಗಳು ಆ ಶಾಂತ ಹೊತ್ತಿನಲ್ಲಿ ಮತ್ತೆ ಹಾದುಹೋಗಿ, ಅವುಗಳ ಮೊನೆ ಸವೆಯುತ್ತೆ ಅಂತ ಕೆಲವು ಸಂಶೋಧಕರ ವಾದ. ಇನ್ನೂ ಪೂರ್ತಿ ಸಾಬೀತಾಗಿಲ್ಲ. ಆದರೆ ಬೆಳಗಿನ ಜಾವ ಮೂರರಿಂದ ಐದರ ತನಕ ಮಾತ್ರ ಮಲಗಿ ಏಳುವವರು ಕನಸಿನ ನಿದ್ದೆಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತಾರೆ ಅನ್ನುವುದರಲ್ಲಿ ಅನುಮಾನ ಇಲ್ಲ.

"ನನಗೆ ಅಭ್ಯಾಸ ಆಗಿದೆ ಸಾರ್, ನಿದ್ದೆ ಬರ್ತಾ ಇರಲ್ಲ, ಏನೂ ಅನಿಸಲ್ಲ" ಅಂದರು ನಮ್ಮ ಬೆಳೆಗಾರರು. ಈ ಮಾತನ್ನು ನೀವೂ ಹೇಳುತ್ತೀರಿ, ಗೊತ್ತು. 2003ರಲ್ಲಿ ಅಮೆರಿಕದಲ್ಲಿ 48 ಜನರ ಮೇಲೆ ನಡೆದ ಪ್ರಯೋಗ ಇದಕ್ಕೆ ಉತ್ತರ. ಕೆಲವರಿಗೆ ಎಂಟು, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ನಿದ್ದೆ, ಎರಡು ವಾರ. ಆರು ಮತ್ತು ನಾಲ್ಕು ಗಂಟೆಯವರ ಗಮನ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಆದರೆ "ನಿದ್ದೆ ಎಷ್ಟು ಬರ್ತಾ ಇದೆ?" ಅಂತ ಕೇಳಿದರೆ, ಮೊದಲ ಕೆಲವು ದಿನ ಆದ ಮೇಲೆ ಅವರ ಉತ್ತರ ಅಲ್ಲೇ ನಿಂತುಬಿಟ್ಟಿತ್ತು. ಕೆಟ್ಟದ್ದು ಮುಂದುವರಿಯಿತು, ಕೆಟ್ಟಿದೆ ಅನ್ನುವ ಅರಿವು ನಿಂತಿತು. ಅದು ಗಮನದ ಪರೀಕ್ಷೆ, ಕೋಪದ್ದಲ್ಲ, ನಿಜ. ಆದರೆ ನನ್ನ ಕೋಣೆಯಲ್ಲಿ ನಾನು ನೋಡುವುದೂ ಹೀಗೇ. ನಿದ್ದೆಗೆಟ್ಟವರು ಯಾರೂ "ನನಗೆ ನಿದ್ದೆ ಸಾಲದು, ಅದಕ್ಕೆ ಸಿಟ್ಟು" ಅನ್ನುವುದಿಲ್ಲ. "ಅವನು ಮಾಡಿದ್ದೇ ಹಾಗೆ" ಅನ್ನುತ್ತಾರೆ. ಕಾರಣ ಯಾವಾಗಲೂ ಎದುರಿನವರಲ್ಲೇ ಕಾಣುತ್ತೆ.

ಹಾಗಾಗಿ ನಾನು ಅವರಿಗೆ ಹೇಳಿದ್ದು, ಮೈಯನ್ನು ಕೇಳಬೇಡಿ, ಗಡಿಯಾರ ನೋಡಿ. ಎರಡು ರಾತ್ರಿ ಸಾಲಾಗಿ ಐದು ಗಂಟೆಗಿಂತ ಕಡಿಮೆ ಆಗಿದ್ದರೆ ಆ ದಿನ ಪಾಲು, ಲೆಕ್ಕ, ಕೆಲಸದಿಂದ ತೆಗೆಯುವ ಮಾತು ಇಲ್ಲ. ಮನೆಯವರ ಮೆಸೇಜಿಗೆ ಉತ್ತರವೂ ಇಲ್ಲ. ಐದು ಗಂಟೆ ಅನ್ನುವುದು ನನ್ನ ಅಂದಾಜಿನ ಗೆರೆ, ಯಾವ ಪುಸ್ತಕದ್ದೂ ಅಲ್ಲ. ಗೆರೆ ಎಲ್ಲಾದರೂ ಒಂದು ಕಡೆ ಎಳೆಯಬೇಕಲ್ಲ.

ನೀರು ಬಿಡುವ ಕೆಲಸ ನಿಲ್ಲಿಸಿ ಅಂತ ಹೇಳಲು ಆಗುವುದಿಲ್ಲ. ಒಂದು ವರ್ಷದ ಫಸಲು ಅದರ ಮೇಲಿದೆ. ಅದನ್ನು ಹಂಚುವ ರೀತಿ ಮಾತ್ರ ಬದಲಿಸಿದೆವು. ಮೊದಲು ಇವರು ಮತ್ತು ಒಬ್ಬ ಆಳು ದಿನಾ ಇಬ್ಬರೂ ಏಳುತ್ತಿದ್ದರು. ಇಬ್ಬರ ನಿದ್ದೆಯೂ ದಿನಾ ಹಾಳು. ಅದರ ಬದಲು ಒಂದು ರಾತ್ರಿ ಇವರ ಪೂರ್ತಿ ಜವಾಬ್ದಾರಿ, ಇನ್ನೊಂದು ರಾತ್ರಿ ಅವನದು, ಜೊತೆಗೆ ದಿನಗೂಲಿಯ ಇನ್ನೊಬ್ಬ. ಆನೆ ಓಡಾಡುವ ಕಡೆ ಒಬ್ಬೊಬ್ಬರೇ ಹೋಗಬಾರದು, ಅದು ನಿಮಗೆ ನಾನು ಹೇಳಬೇಕಿಲ್ಲ. ಮೋಟಾರ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದರು. ಐದಕ್ಕೆ ಎದ್ದು ಪಂಪ್ ಮನೆಗೆ ನಡೆಯುವುದು ತಪ್ಪಿತು. ಪಾಳಿಯ ಮರುದಿನ ಮಧ್ಯಾಹ್ನ ಊಟ ಆದ ಮೇಲೆ ಒಂದೂವರೆ ಗಂಟೆ ಮಲಗುವುದು. ಇದಕ್ಕೆ ಅವರು ಒಪ್ಪಲು ಸ್ವಲ್ಪ ಕಷ್ಟವಾಯಿತು. ಆಳುಗಳು ಕೆಲಸ ಮಾಡುವಾಗ ಸಾಹುಕಾರ ಮಲಗುವುದು ಹೇಗೆ ಅಂತ.

ಕಾಫಿಯ ವಿಷಯ. ಕಾಫಿ ಬೆಳೆಯುವವರ ಮುಂದೆ ಇದನ್ನು ಹೇಳುವುದಕ್ಕೆ ಧೈರ್ಯ ಬೇಕು. ಕೆಫೀನ್ ಅರ್ಧ ಇಳಿಯಲು ಸರಾಸರಿ ಐದು ಗಂಟೆ ಬೇಕು. ಇವರು ಪಾಳಿಯ ರಾತ್ರಿ ಒಂಬತ್ತೂವರೆಗೆ ದೊಡ್ಡ ಲೋಟ ಕುಡಿಯುತ್ತಿದ್ದರು. ಎರಡೂವರೆಗೆ ವಾಪಸ್ ಬಂದು ಮಲಗುವಾಗ ಅದರ ಅರ್ಧ ರಕ್ತದಲ್ಲೇ ಇರುತ್ತಿತ್ತು. ಮಧ್ಯಾಹ್ನದ ಮೇಲೆ ಬೇಡ ಅಂದೆ. ಬಿಡುವುದಿಲ್ಲ, ಕಡಿಮೆ ಮಾಡುತ್ತೇನೆ ಅಂದರು. ಅಷ್ಟಾದರೂ ಆಯಿತು. ನಿದ್ದೆ ಬರಲಿ ಅಂತ ಹಾಕುತ್ತಿದ್ದ ಒಂದು ಪೆಗ್ಗನ್ನು ಮಾತ್ರ ಪೂರ್ತಿ ನಿಲ್ಲಿಸುವಂತೆ ಮಾಡಿದೆ. ಮದ್ಯ ನಿದ್ದೆಗೆ ಬೇಗ ತಳ್ಳುತ್ತೆ, ಆದರೆ ಕನಸಿನ ನಿದ್ದೆಯನ್ನು ಕಡಿಮೆ ಮಾಡಿ, ರಾತ್ರಿಯ ಎರಡನೇ ಭಾಗವನ್ನು ಚೂರು ಚೂರು ಮಾಡುತ್ತೆ. ಮೊದಲೇ ತುಂಡಾದ ರಾತ್ರಿಗೆ ಅದು ಬೇಕಿರಲಿಲ್ಲ.

ಆಮೇಲೆ ಏನಾಯಿತು? ಮಾರ್ಚ್ ಕೊನೆಗೆ ಒಳ್ಳೆ ಮಳೆ ಬಂತು, ನೀರಿನ ಕೆಲಸ ನಿಂತಿತು. ಕೆಲವು ದಿನ ಸತತವಾಗಿ ಏಳೂವರೆ, ಎಂಟು ಗಂಟೆ ಮಲಗಿದರು. ಮುಂದಿನ ಭೇಟಿಗೆ ಬಂದಾಗ ಅದೇ ಮೆಸೇಜ್ ತೆಗೆಯಲು ಹೇಳಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ಅಂಥದ್ದೇನೂ ಇಲ್ಲ ಅಲ್ವಾ" ಅಂದರು. ಅಕ್ಷರ ಒಂದೂ ಬದಲಾಗಿರಲಿಲ್ಲ. ರೈಟರ್ ವಾಪಸ್ ಬಂದ. ತಮ್ಮ ಮಾತ್ರ ಹಬ್ಬಕ್ಕೆ ಬರಲಿಲ್ಲ. ಬೆಳಗಿನ ಜಾವದಲ್ಲಿ ಆಡಿದ ಮಾತನ್ನು ಅವನು ಪೂರ್ತಿ ನಿದ್ದೆ ಮಾಡಿದ ಕಿವಿಯಿಂದಲೇ ಕೇಳಿದ್ದ. ನಿದ್ದೆ ಮಿದುಳನ್ನು ಸರಿಮಾಡಬಹುದು, ಬಾಯಿಂದ ಹೋದದ್ದನ್ನು ವಾಪಸ್ ತರುವುದಿಲ್ಲ.

ಮಾತು ಮುಗಿದ ಮೇಲೆ ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ಹಾಗಾದ್ರೆ ಸಿಟ್ಟಿನವರಿಗೆಲ್ಲಾ ನಿದ್ದೆ ಮಾಡ್ಸಿದ್ರೆ ಸಾಕಾ?"

ಸಾಲದು. ಇದು ಎರಡೂ ಕಡೆಯಿಂದ ನಡೆಯುವ ವ್ಯವಹಾರ. ನಿದ್ದೆ ಕೆಟ್ಟರೆ ಮನಸ್ಸು ಕೆಡುತ್ತೆ, ಮನಸ್ಸು ಕೆಟ್ಟರೂ ನಿದ್ದೆ ಹೋಗುತ್ತೆ. ಯಾವುದು ಮೊದಲು ಅಂತ ತಿಳಿಯಲು ನಾನು ನೋಡುವುದು ಇದನ್ನು: ಮಲಗಲು ಪೂರ್ತಿ ಅವಕಾಶ ಸಿಕ್ಕಾಗ ಆ ಮನುಷ್ಯ ಮಲಗುತ್ತಾನಾ? ನಮ್ಮ ಬೆಳೆಗಾರರು ಮಳೆ ಬಂದ ರಾತ್ರಿ ದಿಂಬಿಗೆ ತಲೆ ಕೊಟ್ಟ ತಕ್ಷಣ ಮಲಗಿದರು, ಒಂದೆರಡು ವಾರದಲ್ಲಿ ಸರಿಯಾದರು. ಅದು ಕೆಲಸ ಕಿತ್ತುಕೊಂಡ ನಿದ್ದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಬಾರದೆ ಹೊರಳಾಡುವವರದು ನಿದ್ರಾಹೀನತೆ. ಅದಕ್ಕೆ ಮಾತ್ರೆಗಿಂತ ಮೊದಲು ಕೊಡಬೇಕಾದ, ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆಯೇ ಬೇರೆ ಇದೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಎಂಟು ಗಂಟೆ ಮಲಗಿದರೂ ಬೆಳಗ್ಗೆ ಸಿಡಿಮಿಡಿ ಅನ್ನುವವರಿಗೆ ಮೊದಲು ಉಸಿರಾಟದ ಪರೀಕ್ಷೆ ಆಗಬೇಕು. ಚೆನ್ನಾಗಿ ಮಲಗಿ ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ ಖಿನ್ನತೆ ಇದೆಯಾ ಅಂತ ನೋಡಬೇಕು.

ಇನ್ನೊಂದು ಇದೆ, ಇದನ್ನು ಮನೆಯವರು ಗಮನಿಸಬೇಕು. ಮೂರು ಗಂಟೆ ಮಲಗಿದರೂ ಸುಸ್ತೇ ಇಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನ ಹಾಗೆ ಖರ್ಚು, ಮುಟ್ಟಿದರೆ ಸಿಟ್ಟು. ಇಂಥವರಿಗೆ ನಿದ್ದೆಯ ಅವಶ್ಯಕತೆಯೇ ಕಡಿಮೆಯಾದಂತೆ ಕಾಣುತ್ತೆ. ಅದು ನಿದ್ದೆಗೆಟ್ಟ ಸಿಟ್ಟಲ್ಲ, ಬೈಪೋಲಾರ್ ಕಾಯಿಲೆಯ ಏರುಗಾಲ ಇರಬಹುದು. ಮಧ್ಯಾಹ್ನ ಮಲಗಿ ಅಂತ ಹೇಳುತ್ತಾ ಕೂರಬೇಡಿ, ಆ ವಾರವೇ ಕರೆದುಕೊಂಡು ಬನ್ನಿ. ಬರಲು ಒಪ್ಪದಿದ್ದರೆ, ಅಥವಾ ಯಾರಾದರೂ ಸಾಯುವ ಮಾತಾಡಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.